ಕಂಪನಿ ಕೊಡುವ ದುಡ್ಡು ಭಾವನ ಖಾತೆಗೆ ಯಾಕೆ?

ಪ್ರಶ್ನೆ: ಬದಿಯಡ್ಕದ ಮನೆಯಿಂದಲೇ ಜರ್ಮನಿಯ ಒಂದು ಕಂಪನಿಗೆ ಸಾಫ್ಟ್‌ವೇರ್ ಕೆಲಸ ಮಾಡ್ತೇನೆ. ತಿಂಗಳಿಗೆ ಸುಮಾರು 1,80,000 ರೂಪಾಯಿ. ಏಪ್ರಿಲ್‌ನಿಂದ ಏಳು ತಿಂಗಳು ಆ ದುಡ್ಡು ದುಬೈಯಲ್ಲಿರುವ ಭಾವನ (ಅಕ್ಕನ ಗಂಡ) ಖಾತೆಗೆ ಹೋಗಿದೆ. ಅವರು ತಮ್ಮ ಎನ್‌ಆರ್‌ಇ ಖಾತೆಯಿಂದ ನನಗೆ ಕಳಿಸ್ತಾರೆ. ಹೀಗೆ ಮಾಡಿದರೆ ತೆರಿಗೆ ಇಲ್ಲ ಅಂತ ಒಬ್ಬ ಏಜೆಂಟ್ ಹೇಳಿದ್ದಾರೆ. ತೊಂದರೆ ಇಲ್ಲ ಅಲ್ವಾ?

ತೊಂದರೆ ಇದೆ. ಕಾಸರಗೋಡಿನಲ್ಲಿ ಈ ಪ್ರಶ್ನೆ ನನಗೆ ಬಾರದ ತಿಂಗಳಿಲ್ಲ. ಪ್ರತಿ ಸಲವೂ ಹಿಂದೆ ಇಂಥ ಒಬ್ಬ ಏಜೆಂಟ್ ಇರುತ್ತಾರೆ. ನನಗೆ ಸಿಟ್ಟು ಬರುವುದು ಅವರ ಮೇಲೆ, ನಿಮ್ಮ ಮೇಲಲ್ಲ.

ಈ ತಪ್ಪು ಕಲ್ಪನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮಲ್ಲಿ ಮನೆಗೊಬ್ಬರಾದರೂ ಗಲ್ಫಿನಲ್ಲಿದ್ದಾರೆ. ಅವರ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಅದನ್ನೇ ನೋಡಿ ಬೆಳೆದವರಿಗೆ 'ಹೊರಗಿನ ದುಡ್ಡಿಗೆ ತೆರಿಗೆ ಇಲ್ಲ' ಅನ್ನಿಸುತ್ತದೆ. ಭಾವನಿಗೆ ಇಲ್ಲಿ ತೆರಿಗೆ ಇಲ್ಲದಿರುವುದು ಅವರು ಅಲ್ಲಿ ವಾಸವಿದ್ದು ಅಲ್ಲೇ ದುಡಿಯುವುದರಿಂದ. ನೀವು ಬದಿಯಡ್ಕದಲ್ಲಿ ಕೂತು ದುಡಿಯುತ್ತೀರಿ. ದುಡ್ಡು ಯಾವ ದೇಶ ಸುತ್ತಿ ಬಂದರೂ ಅದು ಭಾರತದಲ್ಲಿ ದುಡಿದ ಆದಾಯವೇ.

ಸಂಬಂಧಿಕರ ಗಿಫ್ಟಿಗೆ ತೆರಿಗೆ ಇಲ್ಲ ಅನ್ನುವುದು ನಿಜ. ಅಕ್ಕನ ಗಂಡ ಕಾನೂನಿನ ಪ್ರಕಾರವೂ ಸಂಬಂಧಿಯೇ. ಆದರೆ ಭಾವ ನಿಮಗೆ ಏನನ್ನೂ ಕೊಡಲಿಲ್ಲ. ನಿಮ್ಮ ದುಡ್ಡನ್ನೇ ನಿಮಗೆ ದಾಟಿಸಿದರು. ಕಂಪನಿಗೆ ನೀವು ಕಳಿಸಿದ ಬಿಲ್ಲೇ ಅದಕ್ಕೆ ಸಾಕ್ಷಿ.

ಈಗ ನಿಜವಾದ ಲೆಕ್ಕ ನೋಡಿ. ವರ್ಷಕ್ಕೆ ನಿಮ್ಮ ಬಿಲ್ಲು 21,60,000. ಸಾಫ್ಟ್‌ವೇರ್ ಕೆಲಸ ಆದ್ದರಿಂದ 44ಎಡಿಎ ಕಲಮು ನಿಮಗೆ ಹೊಂದುತ್ತದೆ (ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆ). ಅದರಲ್ಲಿ ಖರ್ಚಿನ ಲೆಕ್ಕಪುಸ್ತಕ ಇಡಬೇಕಾಗಿಲ್ಲ. ಬಂದದ್ದರಲ್ಲಿ ಅರ್ಧವನ್ನು ಆದಾಯ ಅಂತ ತೋರಿಸಿದರಾಯಿತು. ಅಂದರೆ 10,80,000. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಬೇಟ್ ಇದೆ. ಬೇರೆ ಆದಾಯ ಇಲ್ಲದಿದ್ದರೆ ನೀವು ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ರಿಟರ್ನ್ ಮಾತ್ರ ಹಾಕಲೇಬೇಕು.

ಹಾಗಾದರೆ ಏಜೆಂಟ್ ಉಳಿಸಿಕೊಟ್ಟದ್ದು ಏನು? ಏನೂ ಇಲ್ಲ. ಕಳೆದುಕೊಳ್ಳುವ ಅಪಾಯ ಮಾತ್ರ ಇದೆ, ಅದು ಜಿಎಸ್‌ಟಿಯಲ್ಲಿ.

ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರದೇಶಕ್ಕೆ ಮಾಡಿದ ಕೆಲಸವೂ ಈ ಲೆಕ್ಕಕ್ಕೆ ಸೇರುತ್ತದೆ. ನೋಂದಣಿ ಆದಮೇಲೆ ಎಲ್‌ಯುಟಿ ಅನ್ನುವ ಮುಚ್ಚಳಿಕೆಯನ್ನು RFD-11 ಫಾರ್ಮಿನಲ್ಲಿ ಪ್ರತಿ ಹಣಕಾಸು ವರ್ಷಕ್ಕೂ ಹಾಕಿದರೆ ರಫ್ತಿನ ಬಿಲ್ಲಿಗೆ ತೆರಿಗೆ ಕಟ್ಟದೆ ಕೆಲಸ ಮಾಡಬಹುದು. ಆದರೆ ರಫ್ತು ಅನ್ನಿಸಿಕೊಳ್ಳಲು ಒಂದು ಷರತ್ತು ಇದೆ. ದುಡ್ಡು ನಿಮಗೆ ವಿದೇಶಿ ಕರೆನ್ಸಿಯಲ್ಲಿ ಬಂದಿರಬೇಕು, ಇಲ್ಲವೇ ರಿಸರ್ವ್ ಬ್ಯಾಂಕ್ ಒಪ್ಪಿದ ದಾರಿಯಲ್ಲಿ ರೂಪಾಯಿಯಾಗಿ ಬಂದಿರಬೇಕು. ಭಾವನ ಎನ್‌ಆರ್‌ಇ ಖಾತೆಯಿಂದ ಬಂದದ್ದು ಬರೀ ರೂಪಾಯಿ. ನಿಮ್ಮ ಪಾಸ್‌ಬುಕ್ ತೆಗೆದು ಆ ಸಾಲು ಓದಿ. ಅಲ್ಲಿ ಭಾವನ ಹೆಸರಿದೆ. ಜರ್ಮನಿಯೂ ಇಲ್ಲ, ಯೂರೋವೂ ಇಲ್ಲ. ಅಧಿಕಾರಿ ಅದನ್ನು ರಫ್ತು ಅಲ್ಲ ಅಂದರೆ ಶೇಕಡಾ 18 ತೆರಿಗೆ. ಒಂದು ತಿಂಗಳ ಬಿಲ್ಲಿಗೇ 32,400 ರೂಪಾಯಿ. ಇದರ ಜೊತೆಗೆ ವಿದೇಶಿ ವಿನಿಮಯದ ಫೆಮಾ ಕಾನೂನು ಬೇರೆ ಇದೆ. ರಫ್ತಿನ ದುಡ್ಡು ಅಧಿಕೃತ ಬ್ಯಾಂಕಿನ ಮೂಲಕ ಬರಬೇಕು. ತಪ್ಪಿದರೆ ಆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಅವಕಾಶ ಇದೆ.

ಸದ್ಯ ನಿಮಗೆ ದಾರಿ ಇದೆ. ಏಳು ತಿಂಗಳಿಗೆ ಆದದ್ದು 12,60,000. ಹನ್ನೊಂದನೇ ಬಿಲ್ಲಿಗೆ 19,80,000, ಹನ್ನೆರಡನೆಯದಕ್ಕೆ 20 ಲಕ್ಷ ದಾಟುತ್ತದೆ. ಅಂದರೆ ಜಿಎಸ್‌ಟಿ ಇನ್ನೂ ನಿಮ್ಮ ಮೇಲೆ ಬಿದ್ದಿಲ್ಲ. ಇವತ್ತೇ ಕಂಪನಿಗೆ ಮೇಲ್ ಮಾಡಿ, ನಿಮ್ಮದೇ ಹೆಸರಿನ ಖಾತೆಯ ವಿವರ ಮತ್ತು ಬ್ಯಾಂಕಿನ ಸ್ವಿಫ್ಟ್ ಕೋಡ್ ಕೊಡಿ. ಕರೆಂಟ್ ಖಾತೆ ತೆರೆದರೆ ಒಳ್ಳೆಯದು. ಕೊನೆಯ ಬಿಲ್ಲಿಗೆ ಮೊದಲೇ ನೋಂದಣಿಯನ್ನೂ ಎಲ್‌ಯುಟಿಯನ್ನೂ ಮುಗಿಸಿ. ಕಳೆದ ಏಳು ತಿಂಗಳದ್ದನ್ನು ರಿಟರ್ನಿನಲ್ಲಿ ನಿಮ್ಮ ವೃತ್ತಿಯ ಆದಾಯ ಅಂತಲೇ ತೋರಿಸಿ. ಕಂಪನಿಯಿಂದ ಭಾವನಿಗೆ, ಭಾವನಿಂದ ನಿಮಗೆ ಹೋದದ್ದು ಕಾಣುವ ಅವರ ಸ್ಟೇಟ್‌ಮೆಂಟ್ ತರಿಸಿ ಬಿಲ್ಲುಗಳ ಜೊತೆ ಇಟ್ಟುಕೊಳ್ಳಿ. ಫೆಮಾ ವಿಷಯವನ್ನು ಒಬ್ಬ ಸಿಎ ಹತ್ತಿರ ಕಾಗದ ಸಮೇತ ತೋರಿಸಿ. ಭಾವನಿಗೂ ಇದು ಒಳ್ಳೆಯದು. ಸಂಬಳ ಬರುವ ಖಾತೆಗೆ ಪ್ರತಿ ತಿಂಗಳೂ ಯಾವುದೋ ಕಂಪನಿಯ ದುಡ್ಡು ಬಂದರೆ ಅಲ್ಲಿನ ಬ್ಯಾಂಕೂ ಪ್ರಶ್ನೆ ಕೇಳುತ್ತದೆ.

ನೇರ ಖಾತೆಗೆ ಬಂದಾಗಲೂ ಒಂದು ಕಡೆ ಎಡವುತ್ತೇವೆ. ಹೊರಗಿನಿಂದ ಬರುವ ಪ್ರತಿ ಪಾವತಿಗೂ ಬ್ಯಾಂಕ್ ಒಂದು ಪರ್ಪಸ್ ಕೋಡ್ ಹಾಕುತ್ತದೆ. ನನ್ನ ಒಬ್ಬರು ಕಕ್ಷಿದಾರರ ಜೊತೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವರು 'ಮಗ ಗಲ್ಫಿನಲ್ಲಾ?' ಅಂತ ಕೇಳಿದರು. ಉತ್ತರಕ್ಕೆ ಕಾಯದೆ P1301 ಬರೆದರು. ಅದು ಮನೆಖರ್ಚಿಗೆ ಕಳಿಸಿದ ದುಡ್ಡಿನ ಕೋಡ್. ಅವರ ಕೈಗೆ ದಿನವಿಡೀ ಬರುವುದು ಅದೇ, ಹಾಗಾಗಿ ಕೈ ತಾನಾಗಿ ಬರೆಯಿತು. ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ P0802. ಕರಾರು ಪತ್ರ ಮತ್ತು ಬಿಲ್ಲಿನ ಪ್ರತಿ ಕೊಟ್ಟು ಅದನ್ನೇ ಬರೆಯಿಸಿ. ದುಡ್ಡು ಬಂದಮೇಲೆ ಎಫ್‌ಐಆರ್‌ಎ ಅನ್ನುವ ಪತ್ರ ಕೇಳಿ ಪಡೆಯಿರಿ. ಅದರಲ್ಲಿ ಕಳಿಸಿದವರ ಹೆಸರು, ಕರೆನ್ಸಿ, ಕೋಡ್ ಮೂರನ್ನೂ ನೋಡಿ. ಕೋಡ್ ತಪ್ಪಿದ್ದರೆ ಅದೇ ವಾರ ಲಿಖಿತವಾಗಿ ತಿದ್ದುಪಡಿ ಕೇಳಿ. ಎರಡು ವರ್ಷದ ನಂತರ ಅದನ್ನು ತಿದ್ದಿಸಲು ಓಡಾಡಿದವರ ಕಷ್ಟ ನಾನು ನೋಡಿದ್ದೇನೆ.

ಪ್ರಶ್ನೆ: ಆಫರ್ ಲೆಟರಿನಲ್ಲಿ 'ಎಂಪ್ಲಾಯಿ' ಅಂತ ಇದೆ, ರಜೆಯೂ ಇದೆ. 44ಎಡಿಎ ಹಾಕಬಹುದಾ?

ಬೇಡ. ಕೆಲಸದ ಸಮಯ, ರಜೆ, ಮೇಲಧಿಕಾರಿ ಎಲ್ಲ ಕಂಪನಿಯದ್ದೇ ಆದರೆ ಅದು ಸಂಬಳ. ಅರ್ಧ ಆದಾಯದ ಅನುಕೂಲ ಅದಕ್ಕಿಲ್ಲ, ಹೊಸ ಪದ್ಧತಿಯಲ್ಲಿ 75,000ದ ಕಡಿತ ಮಾತ್ರ. ಜಿಎಸ್‌ಟಿ ಬೇಡ. ಇಲ್ಲಿ ಕಚೇರಿ ಇಲ್ಲದ ಕಂಪನಿ ಸಾಮಾನ್ಯವಾಗಿ ಟಿಡಿಎಸ್ ಹಿಡಿಯುವುದಿಲ್ಲ. ಹಾಗಿದ್ದರೆ ಮುಂಗಡ ತೆರಿಗೆಯನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ರೊಳಗೆ ನೀವೇ ಕಟ್ಟಬೇಕು. ಹೆಸರು ಮಾತ್ರ 'ಕಾಂಟ್ರಾಕ್ಟರ್' ಅಂತ ಬದಲಿಸಿ ಉಳಿದದ್ದೆಲ್ಲ ಹಾಗೇ ಇಟ್ಟರೆ ಪ್ರಯೋಜನವಿಲ್ಲ.

ಪ್ರಶ್ನೆ: ಅಮೆರಿಕದ ಕ್ಲೈಂಟ್ W-8BEN ತುಂಬಿಸಲು ಹೇಳುತ್ತಾರೆ. ಅಲ್ಲೂ ತೆರಿಗೆ ಬೀಳುತ್ತಾ?

ಇಲ್ಲ. ನೀವು ಅಮೆರಿಕದವರಲ್ಲ ಅಂತ ಹೇಳುವ ಫಾರ್ಮು ಅದು. ತುಂಬದಿದ್ದರೆ ಅವರು ದುಡ್ಡು ಹಿಡಿದಾರು.

ಪ್ರಶ್ನೆ: ಕ್ರಿಪ್ಟೋದಲ್ಲಿ ತೆಗೆದುಕೊಂಡರೆ ಸುಲಭ ಅಲ್ವಾ?

ಬ್ಯಾಂಕಿನ ಎಫ್‌ಐಆರ್‌ಎ ಸಿಗುವುದಿಲ್ಲ, ರಫ್ತು ಅಂತ ತೋರಿಸಲೂ ಆಗುವುದಿಲ್ಲ. ಆಮೇಲೆ ಮಾರಿದಾಗ ಲಾಭಕ್ಕೆ ಶೇಕಡಾ 30 ತೆರಿಗೆ. ತೆಗೆದುಕೊಳ್ಳಬೇಡಿ.

ಪ್ರಶ್ನೆ: ಹುಂಡಿಯಲ್ಲಿ ರೇಟ್ ಜಾಸ್ತಿ ಸಿಗುತ್ತದೆ, ಸಣ್ಣ ಮೊತ್ತವಾದರೆ?

ಸಣ್ಣದಾದರೂ ಕಾನೂನಿನ ಉಲ್ಲಂಘನೆಯೇ. ಈ ಪ್ರಶ್ನೆಯನ್ನು ಇನ್ನು ಕಳಿಸಬೇಡಿ.