ಎತ್ತರ 89 ಪಟ್ಟು ಇದ್ದರೂ ಅವಧಿ 15 ಪಟ್ಟು ಮಾತ್ರ ಯಾಕೆ?

ಪ್ರಶ್ನೆ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 400 ಕಿ.ಮೀ. ಮೇಲಿದೆ, ಒಂದು ಸುತ್ತಿಗೆ 92.5 ನಿಮಿಷ. ಟಿವಿ ಉಪಗ್ರಹ 35,786 ಕಿ.ಮೀ. ಮೇಲಿದೆ. ಕೆಪ್ಲರ್‌ನ ಮೂರನೇ ನಿಯಮ ಹಾಕಿದರೆ ಟಿವಿ ಉಪಗ್ರಹಕ್ಕೆ 54 ದಿನ ಬರ್ತಿದೆ. ಮೂರು ಸಲ ಮಾಡಿದೆ, ಅದೇ ಉತ್ತರ. ಎಲ್ಲಿ ತಪ್ಪಾಗ್ತಿದೆ?

ನಿಮ್ಮ ಗುಣಾಕಾರ ಸರಿ ಇದೆ. ನಿಯಮವನ್ನೂ ಸರಿಯಾಗಿ ನೆನಪಿಟ್ಟುಕೊಂಡಿದ್ದೀರಿ. ತಪ್ಪಾಗಿರುವುದು ನೀವು ಅಳತೆ ಶುರು ಮಾಡಿದ ಜಾಗ. ನೀವು ನೆಲದಿಂದ ಅಳೆದಿದ್ದೀರಿ, ನಿಯಮ ಕೇಳುವುದು ಭೂಮಿಯ ಕೇಂದ್ರದಿಂದ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಈ ಪಾಠದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ನಾನು ಓದುವಾಗಲೂ ಒಂದು ಪರೀಕ್ಷೆಯಲ್ಲಿ ಇದೇ ತಪ್ಪು ಮಾಡಿದ್ದೆ. ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು. ಯಾಕೆ ತಪ್ಪು ಅಂತ ಯಾರೂ ಹೇಳಿರಲಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು 54 ದಿನ ಅನ್ನುವ ಉತ್ತರವನ್ನೇ ನೋಡೋಣ. ನಿಮ್ಮ ಮನೆಯ ತಾರಸಿ ಮೇಲೆ ಡಿಶ್ ಇದ್ದರೆ ಅದನ್ನೊಮ್ಮೆ ನೆನಪಿಸಿಕೊಳ್ಳಿ. ಹಾಕಲು ಬಂದ ಹುಡುಗ ಅದನ್ನು ಚೂರು ಚೂರೇ ತಿರುಗಿಸಿ, ಸಿಗ್ನಲ್ ಸಿಕ್ಕ ಕೂಡಲೇ ನಟ್ ಬಿಗಿ ಮಾಡಿ ಹೋಗಿರುತ್ತಾನೆ. ಆಮೇಲೆ ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಅಂದರೆ ಆ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇದೆ. ಭೂಮಿ ತನ್ನ ಸುತ್ತ ಒಂದು ಸಲ ತಿರುಗುವಷ್ಟರಲ್ಲಿ ಅದೂ ಒಂದು ಸುತ್ತು ಮುಗಿಸುತ್ತಿದೆ. ಅದಕ್ಕೆ 54 ದಿನ ಹಿಡಿಯುತ್ತಿದ್ದರೆ ನಿಮ್ಮ ಡಿಶ್‌ಗೆ ಅದು ದಿನಾ ಕೆಲವು ನಿಮಿಷ ಮಾತ್ರ ಕಂಡು ಮರೆಯಾಗುತ್ತಿತ್ತು. ಹಾಗಾಗಿ ಎಲ್ಲೋ ತಪ್ಪಿದೆ ಅನ್ನುವುದಕ್ಕೆ ಆ ಡಿಶ್ಶೇ ಸಾಕ್ಷಿ.

ಈಗ ಕೇಂದ್ರದಿಂದ ಅಳೆಯೋಣ. ಭೂಮಿಯ ತ್ರಿಜ್ಯ ಸಮಭಾಜಕದಲ್ಲಿ 6,378 ಕಿ.ಮೀ. ನಿಲ್ದಾಣದ ಎತ್ತರಕ್ಕೆ ಇದನ್ನು ಕೂಡಿಸಿದರೆ 6,778 ಕಿ.ಮೀ. ಟಿವಿ ಉಪಗ್ರಹದ್ದಕ್ಕೆ ಕೂಡಿಸಿದರೆ 42,164 ಕಿ.ಮೀ. ನೆಲದಿಂದ ನೋಡಿದಾಗ ಒಂದು ಇನ್ನೊಂದಕ್ಕಿಂತ 89 ಪಟ್ಟು ಮೇಲಿತ್ತು. ಕೇಂದ್ರದಿಂದ ನೋಡಿದಾಗ ಬರೀ 6.22 ಪಟ್ಟು ದೂರ ಇದೆ! ಎಷ್ಟು ವ್ಯತ್ಯಾಸ ನೋಡಿ. ನಾವು ಬಾಹ್ಯಾಕಾಶ ಅಂತ ಕರೆಯುವ ಆ 400 ಕಿ.ಮೀ. ಭೂಮಿಯ ಲೆಕ್ಕದಲ್ಲಿ ತೀರಾ ಕಮ್ಮಿ. ಭೂಮಿಯನ್ನು ಒಂದು ಕಿತ್ತಳೆ ಹಣ್ಣು ಅಂದುಕೊಂಡರೆ ನಿಲ್ದಾಣ ಅದರ ಸಿಪ್ಪೆಗೆ ಅಂಟಿಕೊಂಡೇ ಓಡುತ್ತಿದೆ.

ನಿಯಮ ಹೇಳುವುದು ಇಷ್ಟು: ಒಂದೇ ಗ್ರಹದ ಸುತ್ತ ಸುತ್ತುವ ಎರಡು ಉಪಗ್ರಹಗಳಿಗೆ, ಅವಧಿಗಳ ಅನುಪಾತದ ವರ್ಗ ದೂರಗಳ ಅನುಪಾತದ ಘನಕ್ಕೆ ಸಮ.

```
(T2/T1)^2 = (r2/r1)^3
T2/T1 = (r2/r1)^(3/2) = 6.22^1.5 = 15.5
```

92.5 ನಿಮಿಷವನ್ನು 15.5ರಿಂದ ಗುಣಿಸಿದರೆ ಸುಮಾರು 1,434 ನಿಮಿಷ. ಗಂಟೆಗೆ ತಿರುಗಿಸಿದರೆ 23 ಗಂಟೆ 54 ನಿಮಿಷ. ನಿಜವಾದ ಅವಧಿ 23 ಗಂಟೆ 56 ನಿಮಿಷ 4 ಸೆಕೆಂಡ್. ನಾವು ಅಲ್ಲಲ್ಲಿ ದಶಮಾಂಶ ಬಿಟ್ಟಿದ್ದಕ್ಕೆ ಎರಡು ನಿಮಿಷ ಹೋಯಿತು, ಅಷ್ಟೆ. ಪೂರ್ತಿ 24 ಗಂಟೆ ಯಾಕಲ್ಲ ಅಂತ ಕೆಲವರು ಕೇಳುತ್ತಾರೆ. ನಕ್ಷತ್ರಗಳನ್ನು ಗುರುತಿಟ್ಟು ನೋಡಿದರೆ ಭೂಮಿ ಒಂದು ಸುತ್ತು ತಿರುಗಲು ಹಿಡಿಯುವ ಸಮಯವೇ 23 ಗಂಟೆ 56 ನಿಮಿಷ. ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತಲೂ ಸ್ವಲ್ಪ ಮುಂದೆ ಹೋಗಿರುತ್ತದೆ. ಸೂರ್ಯ ಮತ್ತೆ ನೆತ್ತಿಗೆ ಬರಬೇಕಾದರೆ ಇನ್ನೂ ನಾಲ್ಕು ನಿಮಿಷ ತಿರುಗಬೇಕು.

ಈ ಒಂದೂವರೆ ಘಾತ ಎಲ್ಲಿಂದ ಬಂತು ಅನ್ನುವುದು ನನಗೆ ತುಂಬಾ ಇಷ್ಟದ ಭಾಗ. ಇದು ತಿಳಿದರೆ ಸೂತ್ರ ಬಾಯಿಪಾಠ ಮಾಡುವುದು ಬೇಡ. ಟಿವಿ ಉಪಗ್ರಹ 6.22 ಪಟ್ಟು ದೂರದಲ್ಲಿದೆ, ಹಾಗಾಗಿ ಅದು ಓಡಬೇಕಾದ ದಾರಿಯೂ 6.22 ಪಟ್ಟು ಉದ್ದ. ಇದು ಒಂದು ಕಾರಣ. ಅದರ ವೇಗ ಅಷ್ಟೇ ಇದ್ದಿದ್ದರೆ ಅವಧಿಯೂ 6.22 ಪಟ್ಟು ಆಗಿ ನಿಲ್ಲುತ್ತಿತ್ತು. ಆದರೆ ದೂರ ಹೋದಂತೆ ಭೂಮಿಯ ಸೆಳೆತ ಕಮ್ಮಿಯಾಗುತ್ತದೆ, ಅಲ್ಲಿ ಕಕ್ಷೆಯಲ್ಲಿ ಉಳಿಯಲು ಬೇಕಾದ ವೇಗವೂ ಕಮ್ಮಿ. ಎಷ್ಟು ಕಮ್ಮಿ ಅಂದರೆ ದೂರದ ವರ್ಗಮೂಲದಷ್ಟು. 6.22ರ ವರ್ಗಮೂಲ 2.49. ನಿಲ್ದಾಣ ಸೆಕೆಂಡಿಗೆ 7.67 ಕಿ.ಮೀ. ಓಡುತ್ತದೆ, ಟಿವಿ ಉಪಗ್ರಹ 3.07 ಕಿ.ಮೀ. ಮಾತ್ರ. ಭಾಗಿಸಿ ನೋಡಿ, ಹತ್ತಿರ ಹತ್ತಿರ ಅದೇ 2.49 ಬರುತ್ತದೆ. ದಾರಿ 6.22 ಪಟ್ಟು ಉದ್ದ, ನಡಿಗೆ 2.49 ಪಟ್ಟು ನಿಧಾನ. ಎರಡನ್ನೂ ಗುಣಿಸಿದರೆ 15.5.

ಉಪಗ್ರಹದ ತೂಕ ಇಲ್ಲಿ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ನಿಲ್ದಾಣ 400 ಟನ್‌ಗಿಂತ ಜಾಸ್ತಿ ತೂಗುತ್ತದೆ. ಟಿವಿ ಉಪಗ್ರಹ ಕೆಲವೇ ಟನ್. ತೂಕ ಜಾಸ್ತಿ ಇದ್ದರೆ ಸೆಳೆತವೂ ಅಷ್ಟೇ ಜಾಸ್ತಿ, ಅದನ್ನು ತಿರುಗಿಸಲು ಬೇಕಾದ ಬಲವೂ ಅಷ್ಟೇ ಜಾಸ್ತಿ. ಎರಡೂ ಕಡೆಯಿಂದ ತೂಕ ಹೊಡೆದು ಹೋಗುತ್ತದೆ.

ಕ್ಯಾಲ್ಕುಲೇಟರ್ ಬಳಸುವಾಗ ಒಂದು ಎಚ್ಚರ. `6.22^3/2` ಅಂತ ಒತ್ತಿದರೆ ಅದು ಮೊದಲು ಘನ ಮಾಡಿ ಆಮೇಲೆ ಎರಡರಿಂದ ಭಾಗಿಸುತ್ತದೆ, 120 ಬರುತ್ತದೆ. `6.22^(3/2)` ಅಂತಲೇ ಒತ್ತಬೇಕು. ಕ್ಯಾಲ್ಕುಲೇಟರ್ ಇಲ್ಲದಿದ್ದರೆ ಅನುಪಾತವನ್ನು ಅದರ ವರ್ಗಮೂಲದಿಂದ ಗುಣಿಸಿ, ಇಷ್ಟೇ ಕೆಲಸ.

ಈ ನಿಯಮ ನಿಜವಾಗಿ ಎಲ್ಲಿ ಬಳಕೆಯಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲೇ ಇದೆ. ಒಂದು ಭೂಸ್ಥಿರ ಉಪಗ್ರಹ ಇರಬೇಕಾದ ದೂರಕ್ಕಿಂತ ಬರೀ 1 ಕಿ.ಮೀ. ಮೇಲಿದೆ ಅಂದುಕೊಳ್ಳಿ. ದೂರ 42,164ರಲ್ಲಿ ಒಂದು ಭಾಗ ಜಾಸ್ತಿ ಆಯಿತು. ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಅವಧಿ ಅದರ ಒಂದೂವರೆ ಪಟ್ಟು ಬೆಳೆಯುತ್ತದೆ. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಸುಮಾರು 3 ಸೆಕೆಂಡ್ ಜಾಸ್ತಿ. ಇಡೀ ದಿನದಲ್ಲಿ 3 ಸೆಕೆಂಡ್ ಏನು ಮಹಾ ಅನಿಸಬಹುದು. ಆದರೆ ಉಪಗ್ರಹ ದಿನಾ ಅಷ್ಟು ಹಿಂದೆ ಬೀಳುತ್ತಾ ಪಶ್ಚಿಮಕ್ಕೆ ಸರಿಯುತ್ತದೆ, ದಿನಕ್ಕೆ 0.013 ಡಿಗ್ರಿ. ಎರಡೂವರೆ ತಿಂಗಳಲ್ಲಿ ಅದು ಸುಮಾರು ಒಂದು ಡಿಗ್ರಿ. ನಿಮ್ಮ ಡಿಶ್ ಮಾತ್ರ ಬಿಗಿ ಮಾಡಿದ ಕಡೆಗೇ ನೋಡುತ್ತಿರುತ್ತದೆ. ಅದಕ್ಕೇ ಉಪಗ್ರಹದ ಪುಟ್ಟ ಎಂಜಿನ್‌ಗಳನ್ನು ಆಗಾಗ ಉರಿಸಿ ಅದನ್ನು ಜಾಗಕ್ಕೆ ತರುತ್ತಲೇ ಇರಬೇಕು. ಸೂರ್ಯ ಚಂದ್ರರ ಎಳೆತ, ಭೂಮಿ ಪೂರ್ತಿ ಗುಂಡಗಿಲ್ಲದಿರುವುದು, ಇವೆಲ್ಲಾ ಅದನ್ನು ಜಾಗ ತಪ್ಪಿಸುತ್ತಲೇ ಇರುತ್ತವೆ.

ಇನ್ನೊಂದು ಮಾತು. ನಿಯಮದಲ್ಲಿ 'ಒಂದೇ ಗ್ರಹದ ಸುತ್ತ' ಅನ್ನುವ ಷರತ್ತನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ಚಂದ್ರಯಾನ-2ರ ಆರ್ಬಿಟರ್ ಚಂದ್ರನ ನೆಲದಿಂದ ಸುಮಾರು 100 ಕಿ.ಮೀ. ಮೇಲೆ ಸುತ್ತುತ್ತದೆ. ಚಂದ್ರನ ತ್ರಿಜ್ಯ 1,737 ಕಿ.ಮೀ., ಹಾಗಾಗಿ ಕೇಂದ್ರದಿಂದ 1,837 ಕಿ.ಮೀ. ಇದು ನಿಲ್ದಾಣದ 6,778ಕ್ಕಿಂತ ತುಂಬಾ ಚಿಕ್ಕದು. ಇವೆರಡನ್ನು ಸೂತ್ರದಲ್ಲಿ ಹಾಕಿದರೆ ಆರ್ಬಿಟರ್‌ಗೆ 13 ನಿಮಿಷ ಬರುತ್ತದೆ. ನಿಜಕ್ಕೂ ಅದಕ್ಕೆ ಹಿಡಿಯುವುದು ಸುಮಾರು 118 ನಿಮಿಷ, ನಿಲ್ದಾಣಕ್ಕಿಂತಲೂ ಜಾಸ್ತಿ! ಒಂದನ್ನು ಎಳೆಯುತ್ತಿರುವುದು ಭೂಮಿ, ಇನ್ನೊಂದನ್ನು ಭೂಮಿಯ 81ರಲ್ಲಿ ಒಂದು ಭಾಗ ತೂಗುವ ಚಂದ್ರ. ಅನುಪಾತ ತೆಗೆಯುವಾಗ ಗ್ರಹದ ತೂಕ ಹೊಡೆದು ಹೋಗುವುದು ಎರಡೂ ಕಡೆ ಅದೇ ಗ್ರಹ ಇದ್ದಾಗ ಮಾತ್ರ.

ಚಂದ್ರನನ್ನೇ ಭೂಮಿಯ ಉಪಗ್ರಹ ಅಂತ ತೆಗೆದುಕೊಂಡರೆ ಸೂತ್ರ ನಡೆಯುತ್ತದಾ? ನಡೆಯುತ್ತದೆ, ಆದರೆ ಚೂರು ತಪ್ಪುತ್ತದೆ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ., ಟಿವಿ ಉಪಗ್ರಹದ 9.12 ಪಟ್ಟು. ಲೆಕ್ಕ ಹಾಕಿದರೆ ಸುಮಾರು 27.45 ದಿನ ಬರುತ್ತದೆ. ಆಕಾಶದಲ್ಲಿ ಅಳೆದದ್ದು 27.32 ದಿನ. ವ್ಯತ್ಯಾಸ ಸುಮಾರು ಮೂರು ಗಂಟೆ. ಇದು ದಶಮಾಂಶ ಬಿಟ್ಟಿದ್ದರಿಂದ ಆದದ್ದಲ್ಲ. ಉಪಗ್ರಹದ ತೂಕ ಲೆಕ್ಕಕ್ಕಿಲ್ಲ ಅಂತ ನಾವು ಮೊದಲೇ ಒಪ್ಪಿಕೊಂಡಿದ್ದೆವು, ಅಲ್ವಾ? ನಿಲ್ದಾಣದ ವಿಷಯದಲ್ಲಿ ಅದು ಸರಿ. ಚಂದ್ರ ಅಷ್ಟು ಹಗುರ ಅಲ್ಲ, ಅದೂ ಭೂಮಿಯನ್ನು ತನ್ನ ಕಡೆ ಎಳೆಯುತ್ತದೆ. ಎರಡರ ತೂಕವನ್ನೂ ಸೇರಿಸಿ ಲೆಕ್ಕ ಮಾಡಿದರೆ ವ್ಯತ್ಯಾಸ ಒಂದು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಉಳಿದದ್ದರಲ್ಲಿ ಮುಖ್ಯ ಪಾಲು ಸೂರ್ಯನ ಎಳೆತದ್ದು.

ಪರೀಕ್ಷೆಗೆ ಓದುತ್ತಿದ್ದರೆ ಈ ಒಂದು ಲೆಕ್ಕ ಮಾಡಿ ನೋಡಿ. ಗ್ರಹದ ತ್ರಿಜ್ಯ R. ಒಂದು ಉಪಗ್ರಹ ನೆಲದಿಂದ R ಎತ್ತರದಲ್ಲಿದೆ, ಇನ್ನೊಂದು 7R ಎತ್ತರದಲ್ಲಿ. ಎರಡನೆಯದರ ಅವಧಿ ಮೊದಲನೆಯದರ ಎಷ್ಟು ಪಟ್ಟು? ಉತ್ತರ 8 ಬಂದರೆ ಸರಿ. 18.5 ಬಂದರೆ ಮತ್ತೆ ನೆಲದಿಂದಲೇ ಅಳೆದಿದ್ದೀರಿ.