ಕರಡನ್ನು ಎಲ್ಲಿಂದ ತಿದ್ದಲು ಶುರುಮಾಡಬೇಕು?

ಪ್ರಶ್ನೆ: ಲೇಖನದ ಕರಡು ಬರೆದಾಯಿತು. ಮೊದಲ ಸಾಲಿನಿಂದ ತಿದ್ದುತ್ತಾ ಹೋದರೆ ಎರಡನೇ ಪುಟಕ್ಕೇ ಸುಸ್ತಾಗುತ್ತದೆ. ಹೇಗೆ ತಿದ್ದಲಿ?

ಉತ್ತರ: ಸದ್ಯಕ್ಕೆ ಸಾಲುಗಳನ್ನು ಮುಟ್ಟಬೇಡಿ. ಪ್ರತಿ ಪ್ಯಾರಾದ ಪಕ್ಕ ಅದರ ವಿಷಯವನ್ನು ಮೂರ್ನಾಲ್ಕು ಪದಗಳಲ್ಲಿ ಬರೆಯಿರಿ. ಕೆರೆಯ ಹೂಳಿನ ಬಗ್ಗೆ ಲೇಖನ ಎಂದುಕೊಳ್ಳಿ: ‘ಕೆರೆಯ ಇತಿಹಾಸ, ಹೂಳೆತ್ತುವ ಖರ್ಚು, ಹೂಳು ತುಂಬಲು ಕಾರಣ, ಮತ್ತೆ ಖರ್ಚು’. ಕಾರಣ ಖರ್ಚಿಗಿಂತ ಮೊದಲು ಬರಬೇಕು, ಎರಡು ಖರ್ಚು ಒಂದಾಗಬೇಕು ಎಂದು ಈ ಪಟ್ಟಿಯೇ ಹೇಳುತ್ತದೆ. ಮೂರ್ನಾಲ್ಕು ಪದಕ್ಕೆ ಬಗ್ಗದ ಪ್ಯಾರಾದಲ್ಲಿ ಸಾಮಾನ್ಯವಾಗಿ ಎರಡು ವಿಷಯ ಸೇರಿಕೊಂಡಿರುತ್ತವೆ, ಒಡೆಯಿರಿ. ಸಾಲುಗಳನ್ನು ಮೊದಲೇ ನಯಮಾಡಿಟ್ಟರೆ ಈ ಹಂತದಲ್ಲಿ ಕಿತ್ತುಹಾಕಲು ಮನಸ್ಸೇ ಬರುವುದಿಲ್ಲ.

ಜಾಗ ಬದಲಿಸಿದ ಪ್ಯಾರಾಗಳಲ್ಲಿ ‘ಆದ್ದರಿಂದ’, ‘ಇದು’, ‘ಅವರು’ ಇನ್ನೂ ಮೊದಲು ಪಕ್ಕದಲ್ಲಿದ್ದ ಪ್ಯಾರಾವನ್ನೇ ತೋರಿಸುತ್ತಿರುತ್ತವೆ. ಎರಡನೇ ಸುತ್ತಿನಲ್ಲಿ ಗಟ್ಟಿಯಾಗಿ ಓದಿ ಈ ಕೊಂಡಿಗಳನ್ನು ಸರಿಪಡಿಸಿ.

ಆಮೇಲೆ ಸಾಲು. ‘ಹೂಳೆತ್ತುವ ಕಾರ್ಯವನ್ನು ಮಾಡಲಾಯಿತು’ ಎಂಬುದು ‘ಊರವರು ಹೂಳೆತ್ತಿದರು’ ಎಂದಾಗಲಿ. ಮಾಡಿದವರು ಯಾರೆಂದು ನಿಮಗೇ ಗೊತ್ತಿಲ್ಲದಿದ್ದರೆ ಅದು ಭಾಷೆಯ ತೊಡಕಲ್ಲ, ಮಾಹಿತಿಯ ಕೊರತೆ.

ಕಾಗುಣಿತ ಕೊನೆಗೆ, ಸಾಧ್ಯವಾದರೆ ಮರುದಿನ, ಪ್ರಿಂಟ್ ತೆಗೆದು ನೋಡಿ. ‘ಕಲೆ’ ಇರಬೇಕಾದಲ್ಲಿ ‘ಕಳೆ’ ಬಿದ್ದರೆ ಸ್ಪೆಲ್‌ಚೆಕ್ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ.