ಐನೂರು ಆಟದಲ್ಲಿ ಬೇರೆ ಬೇರೆ ಆಟ ಎಷ್ಟು?

*ಸಂಪಾದಕರೇ, ಕನೆಕ್ಟ್ ಫೋರ್ ಆಟವನ್ನು ತನ್ನ ಜೊತೆ ತಾನೇ ಆಡಿ ಕಲಿಯುವ ಪ್ರೋಗ್ರಾಂ ಬರೆದಿದ್ದೇನೆ, ಆಲ್ಫಾಝೀರೋ ತರಹದ್ದು. ಸುತ್ತಿಗೆ 500 ಆಟ. ಲಾಸ್ ಚೆನ್ನಾಗಿ ಇಳಿಯುತ್ತಿದೆ. ಆದರೂ ನನ್ನ ಎಂಟು ವರ್ಷದ ಮಗಳು ಅಂಚಿನ ಕಾಲಂನಲ್ಲಿ ಮೊದಲ ಬಿಲ್ಲೆ ಹಾಕಿದರೆ ಸೋತುಹೋಗುತ್ತದೆ. ನೆಟ್‌ವರ್ಕ್ ಸಣ್ಣದಾಯ್ತಾ?*

ನೆಟ್‌ವರ್ಕ್ ಮುಟ್ಟಬೇಡಿ. ಮೊದಲು ಆ 500 ಆಟಗಳ ಮೊದಲ ಎಂಟು ನಡೆಗಳನ್ನು ಒಂದು ಫೈಲಿಗೆ ಬರೆಸಿ, ಬೇರೆ ಬೇರೆ ಎಷ್ಟಿವೆ ಅಂತ ಎಣಿಸಿ. ನಾನು ಇದೇ ಆಟಕ್ಕೆ ಬರೆದಾಗ ಹತ್ತೂ ಇರಲಿಲ್ಲ! ಒಂದೇ ಆಟವನ್ನು ಮತ್ತೆ ಮತ್ತೆ ಆಡಿ ಅದನ್ನೇ ಬಾಯಿಪಾಠ ಮಾಡಿತ್ತು, ಲಾಸ್ ಇಳಿದದ್ದೂ ಅದಕ್ಕೇ. ಅಂಚಿನಿಂದ ಶುರುವಾಗುವ ಆಟವನ್ನು ನಿಮ್ಮ ಪ್ರೋಗ್ರಾಂ ಕಂಡೇ ಇಲ್ಲ ಅನ್ನಿಸುತ್ತದೆ.

ಕಾರಣ ಸರಳ. ಅದೇ ನೆಟ್‌ವರ್ಕ್, ಅದೇ ಬೋರ್ಡು, ಪ್ರತಿ ಸಲವೂ ಹುಡುಕಾಟದಲ್ಲಿ ಹೆಚ್ಚು ಭೇಟಿ ಸಿಕ್ಕ ಕಾಲಂ ಅನ್ನೇ ಆರಿಸಿದರೆ ನಡೆಯೂ ಅದೇ ಬರುತ್ತದೆ ಅಲ್ವಾ? ಇದನ್ನು ಮುರಿಯಲು ಎರಡು ಕಡೆ ಕೈ ಹಾಕಬೇಕು. ಒಂದು, ಹುಡುಕಾಟದ ಬೇರಿನಲ್ಲಿ, ಅಂದರೆ ಈಗ ಆಡಬೇಕಾದ ಸ್ಥಿತಿಯಲ್ಲಿ ಮಾತ್ರ, ನೆಟ್‌ವರ್ಕ್ ಹೇಳಿದ ಸಂಭವಕ್ಕೆ ಸ್ವಲ್ಪ ಗದ್ದಲ ಬೆರೆಸಿ:

```
noise = np.random.dirichlet([1.0] * len(legal))
P = 0.75 * p[legal] + 0.25 * noise
```

ಆಲ್ಫಾಝೀರೋ ಚೆಸ್‌ಗೆ 1.0 ಬದಲು 0.3, ಗೋ ಆಟಕ್ಕೆ 0.03 ಇಟ್ಟಿತ್ತು. ನಡೆಗಳ ಆಯ್ಕೆ ಜಾಸ್ತಿಯಾದಷ್ಟೂ ಈ ಸಂಖ್ಯೆ ಸಣ್ಣದು. ಏಳೇ ಕಾಲಂ ಇರುವಲ್ಲಿ 1 ರ ಆಸುಪಾಸು ಸಾಕು.

ಎರಡನೆಯದು, ಮೊದಲ ಎಂಟು ಹತ್ತು ನಡೆಗಳನ್ನು ಭೇಟಿಗಳ ಪ್ರಮಾಣದಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿ. 100 ಹುಡುಕಾಟದಲ್ಲಿ ನಡು ಕಾಲಂಗೆ 60, ಅದರ ಪಕ್ಕದ್ದಕ್ಕೆ 15 ಬಂದಿದ್ದರೆ, ನೂರಕ್ಕೆ ಹದಿನೈದು ಸಲ ಪಕ್ಕದ್ದನ್ನೇ ಆಡಲಿ. ಆದರೆ ನೆಟ್‌ವರ್ಕಿಗೆ ಕಲಿಸುವುದು ಆಡಿದ ನಡೆಯನ್ನಲ್ಲ, ಆ 0.60, 0.15 ಪ್ರಮಾಣಗಳನ್ನು. ಇಲ್ಲಿ ತುಂಬ ಜನ ಎಡವುತ್ತಾರೆ.

ಇನ್ನು ನಿಮ್ಮ ಮಗಳ ಆಟವೇ ಒಳ್ಳೆಯ ಪರೀಕ್ಷೆ. ಈ ಆಟವನ್ನು 1988ರಲ್ಲಿ ಜೇಮ್ಸ್ ಆಲನ್ ಮತ್ತು ವಿಕ್ಟರ್ ಆಲಿಸ್ ಬೇರೆ ಬೇರೆಯಾಗಿ ಪೂರ್ತಿ ಬಿಡಿಸಿದ್ದಾರೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ, ನಡುವಿನಿಂದ ಶುರು ಮಾಡಿದವರಿಗೆ ಗೆಲುವು, ನಡುವಿನ ಪಕ್ಕದಿಂದಾದರೆ ಡ್ರಾ, ಉಳಿದ ನಾಲ್ಕು ಕಾಲಂಗಳಿಂದಾದರೆ ಎರಡನೆಯವರಿಗೇ ಗೆಲುವು. ಅಂದರೆ ಅಂಚಿನಿಂದ ಶುರುವಾದ ಆಟ ನಿಮ್ಮ ಪ್ರೋಗ್ರಾಂ ಗೆಲ್ಲಬಹುದಾದದ್ದು.

ಪ್ರತಿ ಸುತ್ತಿನ ಕೊನೆಗೆ ಅಂಚಿನಲ್ಲಿ ಒಂದೇ ಬಿಲ್ಲೆ ಇರುವ ಬೋರ್ಡು ಕೊಟ್ಟು, ಈಗ ಆಡಬೇಕಾದವರ ಪರವಾಗಿ ನೆಟ್‌ವರ್ಕ್ ಎಷ್ಟು ಅಂಕ ಹೇಳುತ್ತದೆ ನೋಡಿ. ನಿಧಾನವಾಗಿಯಾದರೂ ಸೊನ್ನೆಯಿಂದ +1 ಕಡೆ ಏರಬೇಕು. ಗದ್ದಲ ಬೆರೆಸಿದ ಮೇಲೂ −1 ಕಡೆಗೇ ಜಾರುತ್ತಿದ್ದರೆ ಫಲಿತಾಂಶವನ್ನು ಮರದಲ್ಲಿ ಮೇಲಕ್ಕೆ ಒಯ್ಯುವ ಕೋಡ್ ತೆರೆಯಿರಿ. ನನ್ನ ಗೆಲುವು ಎದುರಾಳಿಗೆ ಸೋಲು, ಹಾಗಾಗಿ ಒಂದೊಂದು ಮೆಟ್ಟಿಲಿಗೂ `value = -value` ಆಗಬೇಕು. ಬಹುಶಃ ಆ ಸಾಲು ಅಲ್ಲಿ ಬಿಟ್ಟುಹೋಗಿರುತ್ತದೆ, ಇಲ್ಲವೇ ಎರಡು ಸಲ ಬಂದಿರುತ್ತದೆ.